ಎರಡು ಸುಳಿ, ಒಂದು ಫೇಡು

ಹೋದ ಬುಧವಾರದಿಂದ ಒಂದು ದೃಶ್ಯ ತಲೆಯಿಂದ ಹೋಗ್ತಾನೇ ಇಲ್ಲ. ಕಟಿಂಗ್ ಶಾಪಿನ ಕುರ್ಚಿ, ಕುತ್ತಿಗೆವರೆಗೂ ಹೊದಿಸಿರೋ ಕರಿ ಬಟ್ಟೆ, ಆ ಬಟ್ಟೆ ಒಳಗಡೆ ಏನೋ ಟಕಟಕ ಅಂತ ಅಲ್ಲಾಡ್ತಾ ಇದೆ. ನೋಡಿದ್ರೆ ನಮ್ಮ ಅಕ್ಕನ ಮಗನ ಮೊಣಕಾಲು. ವಯಸ್ಸು 16, ನನಗಿಂತ ಎರಡು ಇಂಚು ಎತ್ತರ, ಮನೇಲಿ ಮಾತಿಗೆ ಮಾತು ಕೊಡೋದ್ರಲ್ಲಿ ಅವರಜ್ಜೀನೇ ಮೀರಿಸಿದೋನು, ಎಸ್ಸೆಸ್ಸೆಲ್ಸಿ ಗಣಿತದ ಪೇಪರ್ ದಿನ ಎರಡು ಮಸಾಲೆ ದೋಸೆ ಹೊಡ್ಕೊಂಡು ಹೋದೋನು, ಇಲ್ಲಿ ಒಂದು ಕಟಿಂಗ್‌ಗೆ ನಡುಗ್ತಾ ಕೂತಿದ್ದ. ನಾನು ಹಿಂದಿನ ಬೆಂಚಲ್ಲಿ ಕೂತ್ಕೊಂಡು ನಕ್ಕೆ. ನಕ್ಕಿದ್ದು ಕನ್ನಡಿಯಲ್ಲಿ ಅವನಿಗೆ ಕಾಣಿಸ್ತು, ಮುಖ ಆ ಕಡೆ ತಿರುಗಿಸ್ಕೊಂಡ. ಆಮೇಲೆ ನಂಗೇ ಒಂಥರಾ ಆಯ್ತು, ಅದಕ್ಕೇ ಇದನ್ನ ಬರೀತಾ ಇರೋದು.

ಅವನಿಗೆ ಬೇಕಾಗಿದ್ದು ಫೇಡ್. ಗೊತ್ತಲ್ಲ, ಕಿವಿ ಹತ್ರ ಚರ್ಮ ಕಾಣೋ ಹಂಗೆ ಶುರುವಾಗಿ, ಮೇಲೆ ಹೋಗ್ತಾ ಹೋಗ್ತಾ ಕೂದಲು ದಟ್ಟ ಆಗ್ತಾ, ಎಲ್ಲಿ ಬದಲಾಯ್ತು ಅಂತ ಗೊತ್ತಾಗದ ಹಂಗೆ ನೆತ್ತಿಗೆ ಸೇರ್ಕೊಳೋ ಕಟಿಂಗ್. ಅವರ ಕ್ಲಾಸಲ್ಲಿ ಪರೀಕ್ಷೆ ಮುಗಿದ ಮಾರನೇ ದಿನಾನೇ ಅರ್ಧ ಜನ ಮಾಡಿಸ್ಕೊಂಡಿದ್ರಂತೆ. ಇವನು ಮೂರು ವಾರ ಫೋನಲ್ಲಿ ಸ್ಕ್ರೀನ್‌ಶಾಟ್ ಸೇರಿಸ್ತಾ ಕೂತ. ಅವರಪ್ಪನ ಲೆಕ್ಕದಲ್ಲಿ ಕಟಿಂಗ್ ಅಂದ್ರೆ ಎರಡೇ, ಒಂದು ಮೀಡಿಯಂ, ಇನ್ನೊಂದು ಸಮ್ಮರ್. ಹಂಗಾಗಿ ಅರ್ಜಿ ನನ್ನ ಹತ್ರ ಬಂತು. "ಮಾವ, ನೀನು ಜೊತೆಗ್ ಬಾ, ಆದ್ರೆ ಏನೂ ಮಾತಾಡ್ಬೇಡ." ಮಂಗಳವಾರ ಹೊರಟ್ವಿ. ಶಟರ್ ಎಳೆದಿತ್ತು. ಮಂಗಳವಾರ ಕಟಿಂಗ್ ಶಾಪ್ ರಜಾ ಅನ್ನೋದು ಮೈಸೂರಲ್ಲಿ ಹುಟ್ಟಿ ಬೆಳೆದ ನನಗೆ ನೆನಪಾಗ್ಲಿಲ್ಲ ಅಂದ್ರೆ ಅವನ ಗಾಬರಿ ನನಗೂ ಅಂಟಿತ್ತು ಅಂತಾನೇ ಅರ್ಥ. ಮುಚ್ಚಿದ ಶಟರ್ ನೋಡಿ ಅವನ ಮುಖದಲ್ಲಿ ಎಂಥ ನೆಮ್ಮದಿ ಅಂತೀರಾ, ಲೆಕ್ಕದ ಮೇಷ್ಟ್ರು ಇವತ್ತು ಬಂದಿಲ್ಲ ಅಂತ ಗೊತ್ತಾದಾಗ ಬರುತ್ತಲ್ಲ, ಅದು.

ಹೆಂಗ್ ಬೇಕು?

ನಾವು ಹೋಗೋ ಶಾಪು ದೊಡ್ಡದೇನಲ್ಲ, ಮೂರು ಕುರ್ಚಿ. ಯಜಮಾನ್ರು ನನಗೆ ಚಿಕ್ಕೋನಿದ್ದಾಗಿಂದ ಕಟಿಂಗ್ ಮಾಡಿದೋರು, ಕುರ್ಚಿಯ ಎರಡು ಕೈ ಮೇಲೆ ಅಡ್ಡ ಹಲಗೆ ಇಟ್ಟು ಅದರ ಮೇಲೆ ನನ್ನನ್ನ ಕೂರಿಸ್ತಿದ್ರು. ಆ ಹಲಗೆ ಈಗ್ಲೂ ಗೋಡೆಗೆ ಒರಗಿಸಿಟ್ಟಿದೆ. ನನ್ನ ಕಾಲದಲ್ಲಿ ಅಪ್ಪ ಬಾಗಿಲಲ್ಲೇ ನಿಂತು "ಚೆನ್ನಾಗಿ ಸಣ್ಣಕ್ಕೆ ಹೊಡೀರಿ, ಎರಡು ತಿಂಗಳು ಬರ್ಬೇಕು" ಅಂತ ಹೇಳಿ ತರಕಾರಿ ತರೋಕೆ ಹೋಗ್ತಿದ್ರು, ನನ್ನನ್ನ ಯಾರೂ ಏನೂ ಕೇಳ್ತಿರ್ಲಿಲ್ಲ. ಈಗ ಫೇಡು ಗೀಡು ಎಲ್ಲ ನೋಡ್ಕೊಳೋದು ಅವರ ಮಗ. ಇಪ್ಪತ್ತೈದು ಇಪ್ಪತ್ತಾರು ಇರ್ಬೇಕು, ಮಾತು ಕಮ್ಮಿ, ಕೈ ಮಾತ್ರ ಸುಮ್ಮನಿರಲ್ಲ.

ಅವನು ಬಟ್ಟೆ ಕಟ್ಟಿ "ಹೆಂಗ್ ಬೇಕು?" ಅಂದ. ನಾನು ಅಭ್ಯಾಸಬಲದಿಂದ "ಸೈಡಲ್ಲಿ ಸ್ವಲ್ಪ ಸಣ್ಣ ಮಾಡಿ..." ಅಂತ ಶುರು ಮಾಡೇಬಿಟ್ಟೆ. ಅವನು ನನ್ನ ಕಡೆ ತಿರುಗದೇನೇ "ಅಣ್ಣ, ನೀವು ಪೇಪರ್ ನೋಡ್ತಾ ಇರಿ" ಅಂದ. ಮರ್ಯಾದೆಯಾಗೇ ಅಂದ. ಆದ್ರೂ ಯಜಮಾನ್ರು ಮೂಲೇಲಿ ಯಾರಿಗೋ ಶೇವಿಂಗ್ ಮಾಡ್ತಾ ಮೀಸೇಲೇ ನಕ್ಕಿದ್ದು ನಂಗೆ ಕಾಣಿಸ್ತು.

ನಮ್ಮ ಹುಡುಗ ಬಟ್ಟೆ ಒಳಗಿಂದ ಕೈ ಈಚೆ ತೆಗೆದು ಫೋನ್ ತೋರಿಸಿದ. ಯಾರೋ ಫುಟ್‌ಬಾಲ್ ಆಟಗಾರ. ಮೂರು ವಾರದಿಂದ ಮನಸ್ಸಲ್ಲೇ ಪ್ರಾಕ್ಟೀಸ್ ಮಾಡ್ಕೊಂಡಿದ್ದ ಡೈಲಾಗು ಗಂಟಲಲ್ಲಿ ಸಿಕ್ಕಾಕೊಂಡು "ಅಣ್ಣ... ಹೈ... ಸ್ಕಿನ್ ಫೇಡ್" ಅಂತ ಬಿಡಿಬಿಡಿಯಾಗಿ ಬಂತು. ಚಿಕ್ಕ ಯಜಮಾನ ಫೋಟೋನ ಒಂದು ನಿಮಿಷ ಪೂರ್ತಿ ನೋಡಿದ, ಝೂಮ್ ಮಾಡಿ ಕಿವಿ ಹತ್ರ ನೋಡಿದ. ಆಮೇಲೆ ಮಿಷನ್ ಮುಟ್ಟಲೇ ಇಲ್ಲ, ಎರಡೂ ಕೈ ಹುಡುಗನ ತಲೆ ಮೇಲಿಟ್ಟು ಸವರೋಕೆ ಶುರು ಮಾಡಿದ, ನಮ್ಮಮ್ಮ ಕಲ್ಲಂಗಡಿ ತಗೊಳೋ ಮುಂಚೆ ಸವರ್ತಾಳಲ್ಲ ಹಂಗೆ. ಕಿವಿ ಹಿಂದಿನ ತಗ್ಗು, ಹಿಂದಲೆಯ ಉಬ್ಬು, ಪಕ್ಕ ಮುಗಿದು ನೆತ್ತಿ ಶುರುವಾಗೋ ಕಡೆ ತಲೆ ಬಗ್ಗುತ್ತಲ್ಲ ಆ ಜಾಗ. ಕೊನೆಗೆ ಹಣಿಗೆ ತಗೊಂಡು ನೆತ್ತಿ ಹಿಂದೆ ಕೂದಲು ಬಿಡಿಸಿ ನೋಡಿ, "ತಮ್ಮಾ, ನಿಂಗೆ ಎರಡು ಸುಳಿ ಇದೆ, ಗೊತ್ತಾ?" ಅಂದ.

ಹುಡುಗನ ಕಿವಿ ಕೆಂಪಾಯ್ತು. ಎರಡು ಸುಳಿ ಇದ್ರೆ ಎರಡು ಮದ್ವೆ ಅಂತ ನಮ್ಮ ಕಡೆ ಹೇಳೋದು ಅವನಿಗೆ ಗೊತ್ತು, ಪಕ್ಕದ ಕುರ್ಚಿಯಲ್ಲಿದ್ದ ಅಂಕಲ್‌ಗೂ ಗೊತ್ತು. ಆತ ಆಗ್ಲೇ ಬಾಯಿ ತೆಗೆದಿದ್ದ.

ನಂಜನಗೂಡು

ನನಗೆ ಮಾತ್ರ ಆ ಸುಳಿ ಹಳೇ ಪರಿಚಯ. ಅದನ್ನ ಮೊದಲು ನೋಡಿದ್ದೇ ನನ್ನ ತೊಡೆ ಮೇಲೆ. ಇವನಿಗೆ ಹನ್ನೊಂದು ತಿಂಗಳಿದ್ದಾಗ ಮುಡಿ ಕೊಡ್ಸೋಕೆ ಅಂತ ನಂಜನಗೂಡಿಗೆ ಹೋಗಿದ್ವಿ, ಸೋದರಮಾವ ತೊಡೆ ಮೇಲೆ ಕೂರಿಸ್ಕೋಬೇಕು ಅನ್ನೋದು ನಿಮಗೆ ಗೊತ್ತಿರೋದೇ. ನನಗಿನ್ನೂ ಮದ್ವೆ ಆಗಿರ್ಲಿಲ್ಲ, ಮಗು ಎತ್ತಿಕೊಳ್ಳೋಕೇ ಬರ್ತಿರ್ಲಿಲ್ಲ. ಕಪಿಲಾ ಹೊಳೆ ಕಡೆಯಿಂದ ತಣ್ಣಗೆ ಗಾಳಿ ಬೀಸ್ತಿತ್ತು, ತಲೆಗೆ ನೀರು ಸವರಿದ ತಕ್ಷಣ ಇವನು ಶುರು ಮಾಡಿದ ಅಳು ಗೋಪುರದ ತುದೀಗೆ ಕೇಳಿಸಿರ್ಬೇಕು. ಕತ್ತಿ ಹಿಡಿದಿದ್ದ ತಾತ "ತಲೆ ಗಟ್ಟಿ ಹಿಡ್ಕೊಳಿ, ಮಾವ ಹೆದರಿದ್ರೆ ಮಗೂನೂ ಹೆದರ್ತದೆ" ಅಂದ್ರು. ನಾನು ಹಿಡ್ಕೊಂಡೆ. ನನ್ನ ಅಂಗೈ ಒಳಗೆ ಅವನ ಇಡೀ ತಲೆ ಹಿಡಿಸ್ತಿತ್ತು. ಬೋಳಾದ ಮೇಲೆ ನಮ್ಮಮ್ಮ ಅರಿಶಿನ ಗಂಧ ಹಚ್ತಾ "ಅಯ್ಯೋ ನೋಡ್ರೇ, ಎರಡು ಸುಳಿ!" ಅಂತ ಕೂಗಿದ್ದು, ಅಕ್ಕ "ಒಂದು ಮದ್ವೆ ಖರ್ಚೇ ಸಾಕಮ್ಮ" ಅಂದಿದ್ದು, ಎಲ್ಲ ಮೊನ್ನೆ ನಡೆದ ಹಂಗಿದೆ. ಕೂದಲು ಬೆಳೀತು, ಸುಳಿ ಮರೆತುಹೋಯ್ತು.

ಫೋಟೋದ ತಲೆ ಬೇರೆ, ನಮ್ಮ ತಲೆ ಬೇರೆ

ಚಿಕ್ಕ ಯಜಮಾನ ಮದ್ವೆ ಜೋಕು ಮಾಡ್ಲಿಲ್ಲ, ಅದೇ ನಂಗೆ ಇಷ್ಟ ಆಗಿದ್ದು. ಅವನಿಗೆ ಸುಳಿ ಅಂದ್ರೆ ಕೆಲಸದ ಸಮಸ್ಯೆ ಅಷ್ಟೇ. ಹಣಿಗೆ ತುದಿಯಿಂದ ತೋರಿಸ್ತಾ ಹೇಳಿದ, ಒಂದು ಸುಳಿ ಈ ಕಡೆ ತಿರುಗುತ್ತೆ ಇನ್ನೊಂದು ಆ ಕಡೆ, ಮಧ್ಯದ ಕೂದಲಿಗೆ ಯಾವ ಕಡೆ ಮಲಗ್ಬೇಕು ಅಂತ ಗೊತ್ತಾಗಲ್ಲ, ಎದ್ದು ನಿಲ್ಲುತ್ತೆ. ತೀರಾ ಸಣ್ಣಕ್ಕಿದ್ರೆ ನಿಂತಿದ್ದೂ ಕಾಣಲ್ಲ, ಮೂರು ಬೆರಳಷ್ಟು ಉದ್ದ ಇದ್ರೆ ತನ್ನ ಭಾರಕ್ಕೆ ತಾನೇ ಮಲಗುತ್ತೆ, ತೊಂದ್ರೆ ಇರೋದು ಎರಡರ ಮಧ್ಯೆ, ಒಂದೂವರೆ ಎರಡು ಸೆಂಟಿಮೀಟರ್ ಇದ್ದಾಗ. ಹೈ ಫೇಡ್ ಅಂದ್ರೆ ಮಿಷನ್ನು ಹೆಚ್ಚುಕಮ್ಮಿ ಸುಳಿ ಬುಡದವರೆಗೂ ಹೋಗುತ್ತೆ, ಅಲ್ಲಿ ಕೂದಲು ಸರಿಯಾಗಿ ಆ ಕೆಟ್ಟ ಉದ್ದಕ್ಕೇ ಬಂದು ನಿಲ್ಲುತ್ತೆ, ಹಿಂದಿನಿಂದ ನೋಡಿದ್ರೆ ಕೋಳಿ ಜುಟ್ಟು.

"ಹಂಗಾದ್ರೆ ಬೇಡ್ವಾ ಅಣ್ಣ?" ಅಂತ ಹುಡುಗ ಕೇಳಿದ, ದನಿ ಅರ್ಧ ಬೇಜಾರು ಅರ್ಧ ಆಸೆ, ಬೇಡ ಅಂತಾನೇ ಹೇಳಲಿ ಅನ್ನೋ ಹಂಗೆ.

"ಬೇಡ ಅಂದ್ನಾ ನಾನು? ಡ್ರಾಪ್ ಹಾಕೋಣ."

ಡ್ರಾಪ್ ಫೇಡ್ ಅಂದ್ರೆ, ಫೇಡಿನ ಗೆರೆ ತಲೆ ಸುತ್ತ ಒಂದೇ ಮಟ್ಟದಲ್ಲಿ ಹೋಗಲ್ಲ, ಹಣೆ ಪಕ್ಕದಿಂದ ಶುರುವಾಗಿ ಕಿವಿ ದಾಟಿದ ಮೇಲೆ ಹಿಂದೆ ಕೆಳಕ್ಕೆ ಇಳಿಯುತ್ತೆ. ಆಗ ನೆತ್ತಿ ಹಿಂದಿನ ಕೂದಲು ಪೂರ್ತಿ ಉಳಿಯುತ್ತೆ, ಎರಡೂ ಸುಳಿ ತಮ್ಮ ಪಾಡಿಗೆ ಮಲಗಿರ್ತಾವೆ, ಮುಂದಿನಿಂದ ಪಕ್ಕದಿಂದ ನೋಡೋರಿಗೆ ಫೇಡೇ ಕಾಣೋದು. ಇನ್ನೊಂದು ವಿಷಯಾನೂ ಹೇಳಿದ, ಮೊದಲನೇ ಸಲ ಸ್ಕಿನ್‌ಗೆ ಹೋಗೋದು ಬೇಡ. ಯಾಕಂದ್ರೆ ಇಷ್ಟು ವರ್ಷ ಬಿಸಿಲೇ ಕಾಣದ ಬುರುಡೆ ಚರ್ಮ ಮುಖಕ್ಕಿಂತ ಬೆಳ್ಳಗಿರುತ್ತೆ, ಶೇವರ್ ಹಾಕಿಬಿಟ್ರೆ ಕಿವಿ ಮೇಲೆ ಸುಣ್ಣದ ಪಟ್ಟಿ ಹೊಡೆದಂಗೆ ಕಾಣುತ್ತೆ. ಬ್ಲೇಡಿಗೆ ಸಿಕ್ಕಿಸೋ ಹಣಿಗೆಯಂಥ ಗಾರ್ಡ್ ಇಲ್ಲದ ಮಿಷನ್ನು, ಕೂದಲಿನ ಉದ್ದ ಹೆಚ್ಚುಕಮ್ಮಿ ಮಾಡೋ ಲಿವರ್ ಪೂರ್ತಿ ಬಿಟ್ಟು, ಒಂದೂವರೆ ಮಿಲಿಮೀಟರ್ ಹತ್ರ ಇಡೋಣ, ನೆರಳಿನ ಥರ ಇರುತ್ತೆ, ಸಾಲದು ಅನ್ಸಿದ್ರೆ ಮುಂದಿನ ಸಲ ಇಳಿಸೋಣ ಅಂದ.

ಫೋನಿನ ಫೋಟೋ ಬಗ್ಗೆ ನಾನು ಆಮೇಲೆ ಅವನನ್ನ ಕೇಳಿದೆ. ಈ ಕಟಿಂಗ್ ಈಗಿನ ರೂಪಕ್ಕೆ ಬಂದಿದ್ದು ಅಮೆರಿಕದಲ್ಲಿ, ಮೊದಲು ಮಿಲಿಟರಿಯವರ ತಲೇಲಿ, ಆಮೇಲೆ 1980ರ ದಶಕದಲ್ಲಿ ಕಪ್ಪು ಜನರ ಬಾರ್ಬರ್ ಶಾಪುಗಳಲ್ಲಿ. ಅವರ ಕೂದಲು ಸುರುಳಿ, ಚರ್ಮದ ಬಣ್ಣಕ್ಕೆ ಹತ್ರ, ನೆರಳು ನೆರಳಾಗಿ ಸೇರ್ಕೊಳುತ್ತೆ. ನಮ್ಮದು ನೆಟ್ಟಗಿನ ಕರಿ ಕೂದಲು, ಚರ್ಮ ಅದಕ್ಕಿಂತ ತಿಳಿ, ಒಂದು ಗೆರೆ ಉಳಿದ್ರೂ ಪೆನ್ಸಿಲಲ್ಲಿ ಎಳೆದಂಗೆ ಕಾಣುತ್ತೆ. "ಅದಕ್ಕೇ ಅಣ್ಣ, ನಮ್ಮೋರಿಗೆ ಟೈಮ್ ಜಾಸ್ತಿ ಬೇಕು" ಅಂದ. ನನ್ನ ಮೀಡಿಯಂ ಕಟಿಂಗು ಹದಿನೈದು ನಿಮಿಷ, ಇವನದ್ದು ಐವತ್ತು ನಿಮಿಷ ಹಿಡೀತು.

ಅರ್ಧಕ್ಕೆ ನೋಡಬಾರದ ಕೆಲಸ

ಮೇಲಿನ ಕೂದಲನ್ನ ಕ್ಲಿಪ್ ಹಾಕಿ ಎತ್ತಿ ಕಟ್ಟಿದ. ಹುಡುಗ ಕನ್ನಡಿಯಲ್ಲಿ ತನ್ನ ಜುಟ್ಟು ನೋಡ್ಕೊಂಡು ಬಾಗಿಲ ಕಡೆ ಕಣ್ಣು ಹಾಯಿಸಿದ, ಪರಿಚಯದೋರು ಯಾರಾದ್ರೂ ಬಂದ್ಬಿಟ್ರೆ ಅಂತ. ಆಮೇಲೆ ಮಿಷನ್ ಆನ್ ಆಯ್ತು, ಆ ಜುಂಯ್ ಅನ್ನೋ ಸದ್ದಿಗೆ ಬಟ್ಟೆ ಕೆಳಗೆ ಮೊಣಕಾಲು ಜೋರಾಯ್ತು. ಚಿಕ್ಕ ಯಜಮಾನ ಮೊದಲು ಬ್ಲೇಡನ್ನ ತನ್ನ ಮಣಿಕಟ್ಟಿಗೆ ಒತ್ತಿ ಬಿಸಿ ಇದೆಯಾ ನೋಡ್ಕೊಂಡ, ಆಮೇಲೆ ಹುಡುಗನ ಅಂಗೈ ಮೇಲೇ ಒಂದು ಸಲ ಓಡಿಸಿದ. "ನೋಡು, ಇಷ್ಟೇ." ಕಾಲು ಸ್ವಲ್ಪ ತಣ್ಣಗಾಯ್ತು.

ಕೆಲಸ ಹೆಂಗೆ ಅಂದ್ರೆ, ಗೆರೆ ಇಲ್ಲದಿರೋ ಕಟಿಂಗಿಗೆ ಮೊದಲು ಮಾಡೋದೇ ಗೆರೆ. ಕಿವಿಯಿಂದ ಒಂದು ಬೆರಳು ಮೇಲೆ, ಹಿಂದೆ ಇಳಿಸ್ಕೊಂಡು, ಗಾರ್ಡ್ ಇಲ್ಲದೆ ಸುತ್ತ ಒಂದು ಪಟ್ಟಿ. ಅದರ ಮೇಲೆ ಎರಡು ಬೆರಳಷ್ಟು 1ನೇ ನಂಬರಿನ ಗಾರ್ಡು, ಅಂದ್ರೆ 3 ಮಿಲಿಮೀಟರ್. ಅದರ ಮೇಲೆ ತಲೆ ಬಗ್ಗೋ ಜಾಗದವರೆಗೂ 2ನೇ ನಂಬರು, 6 ಮಿಲಿಮೀಟರ್. ಪ್ರತಿ ಸಲ ಗೆರೆ ಹತ್ರ ಬಂದಾಗ ಮಣಿಕಟ್ಟು ಹೊರಗಡೆ ತಿರುಗಿಸಿ ಮಿಷನ್ ಎತ್ತಿಬಿಡ್ತಾನೆ, ಅಂಗಳ ಗುಡಿಸ್ತಾ ಕೊನೆಗೆ ಪೊರಕೆ ಎತ್ತಿಬಿಡ್ತಾರಲ್ಲ, ಅದೇ ತಿರುವು. ಈ ಹಂತದಲ್ಲಿ ತಲೆ ಹೆಂಗ್ ಕಾಣುತ್ತೆ ಅಂದ್ರೆ ಮೂರು ಮೆಟ್ಟಿಲು, ಮೇಲೊಂದು ಕವುಚಿ ಹಾಕಿದ ಬೋಸಿ. ನಾನೇ ಹೆದರಿದೆ, ಅಕ್ಕನಿಗೆ ಏನ್ ಹೇಳೋದಪ್ಪಾ ಅಂತ. ಹುಡುಗ ಕನ್ನಡಿಯಲ್ಲಿ ನನ್ನನ್ನ ಹುಡುಕಿದ. ಆ ಕಣ್ಣು ನಂಗೆ ಗೊತ್ತು, ನಂಜನಗೂಡಲ್ಲಿ ನೋಡಿದ್ದೇ ಅದು. ಚಿಕ್ಕ ಯಜಮಾನ ಒಂದು ಮಾತೂ ಆಡದೆ ಕಾಲಲ್ಲಿ ಪೆಡಲ್ ಒತ್ತಿ ಕುರ್ಚಿನ ಗೋಡೆ ಕಡೆ ತಿರುಗಿಸ್ಬಿಟ್ಟ. ಆ ಗೋಡೇಲಿ ಕ್ಯಾಲೆಂಡರ್ ಒಂದು ಬಿಟ್ರೆ ಏನೂ ಇಲ್ಲ.

ಯಜಮಾನ್ರು ಆ ಕಡೆಯಿಂದ "ಒಗ್ಗರಣೆ ಹಾಕೋ ಮುಂಚೆ ಸಾರು ರುಚಿ ನೋಡ್ತಾರೇನಪ್ಪಾ" ಅಂದ್ರು.

ಎಡವಟ್ಟಾಗಿದ್ದು ಇಲ್ಲೇ. ಬಲಗಡೆ ಕುತ್ತಿಗೆ ಹಿಂದೆ ಮಿಷನ್ ತಾಗಿದ್ದೇ ತಡ ಇವನಿಗೆ ಕಚಗುಳಿ ಆಗಿ ಭುಜ ಎತ್ತಿ ತಲೆ ಕೊಡವಿದ. ಗಾರ್ಡ್ ಇಲ್ಲದ ಬ್ಲೇಡು ಗೆರೆ ದಾಟಿ ಅರ್ಧ ಇಂಚು ಮೇಲೆ ಹೋಯ್ತು. ಬೆರಳುಗುರಿನಷ್ಟು ಬಿಳಿ ಮಚ್ಚೆ. ಮಿಷನ್ ನಿಂತ ಸದ್ದಿಗೇ ಹುಡುಗನಿಗೆ ಗೊತ್ತಾಯ್ತು, "ಸಾರಿ ಅಣ್ಣ, ಸಾರಿ ಸಾರಿ" ಅಂತ ಶುರು ಮಾಡಿದ, ದನಿ ಒಡೀತಿತ್ತು, ಇನ್ನೊಂದು ನಿಮಿಷ ಆಗಿದ್ರೆ ಅತ್ತೇಬಿಡ್ತಿದ್ದ. ನಾನು ಎದ್ದು ಹೋಗಿ ಪಕ್ಕದಲ್ಲಿ ನಿಂತೆ. ಏನ್ ಮಾಡ್ಬೇಕು ಗೊತ್ತಾಗ್ಲಿಲ್ಲ, ಬಟ್ಟೆ ಮೇಲಿಂದ ಅವನ ಭುಜದ ಮೇಲೆ ಕೈ ಇಟ್ಟೆ. ಅವನು ತಳ್ಳಲಿಲ್ಲ.

ಚಿಕ್ಕ ಯಜಮಾನ ಮಾತ್ರ ಏನೂ ಆಗೇ ಇಲ್ಲ ಅನ್ನೋ ಹಂಗೆ ಸ್ಪ್ರೇ ಬಾಟಲಿಯಿಂದ ನೀರು ಹೊಡೆದು ಕುತ್ತಿಗೆ ಒರೆಸಿದ. "ತಮ್ಮಾ, ನಾನು ಗೆರೆ ತಗ್ಗಲ್ಲಿ ಯಾಕೆ ಹಾಕಿದ್ದು ಗೊತ್ತಾ? ಮೇಲಕ್ಕೆ ಎಷ್ಟಾದ್ರೂ ಹೋಗ್ಬೋದು, ಕೆಳಕ್ಕೆ ಬರೋಕಾಗಲ್ಲ." ಅಷ್ಟೇ ಅಂದು, ಬಲಗಡೆ ಹಿಂದಿನ ಗೆರೇನ ಆ ಮಚ್ಚೆ ಮುಳುಗೋವರೆಗೂ ಏರಿಸಿದ, ಆಮೇಲೆ ಎಡಗಡೇನೂ ಅಷ್ಟೇ ಏರಿಸಿದ. ಇಳಿಜಾರು ಸ್ವಲ್ಪ ಕಮ್ಮಿ ಆಯ್ತು, ಸುಳಿ ಇನ್ನೂ ಮೇಲಿತ್ತು, ಜಾಗ ಇತ್ತು. ಹುಡುಗ ಕೇಳಿದಂಗೇ ಮೊದಲೇ ಹೈ ಹಾಕಿದ್ದಿದ್ರೆ ಏರಿಸೋಕೆ ಜಾಗಾನೇ ಇರ್ತಿರ್ಲಿಲ್ಲ. ಕುತ್ತಿಗೆಗೆ ಬಂದಾಗ ಈ ಸಲ ಮೊದಲು ತನ್ನ ಅಂಗೈ ಒತ್ತಿ ಇಟ್ಟು, ಅದರ ಪಕ್ಕದಲ್ಲೇ ಮಿಷನ್ ಇಟ್ಟ. ಅಲ್ಲಿ ಗಟ್ಟಿಯಾಗಿ ಮುಟ್ಟಿದ್ರೆ ಕಚಗುಳಿ ಕಮ್ಮಿ, ಹಗುರಕ್ಕೆ ಮುಟ್ಟಿದ್ರೇನೇ ಜಾಸ್ತಿ.

ಆಮೇಲಿನ ಅರ್ಧ ಗಂಟೆ ಗೆರೆ ಅಳಿಸೋ ಕೆಲಸ. ಬರೀ ಬ್ಲೇಡಿಗೂ 1ಕ್ಕೂ ಮಧ್ಯದ ಗೆರೆಗೆ ಅರ್ಧ ನಂಬರಿನ ಗಾರ್ಡು, 1ಕ್ಕೂ 2ಕ್ಕೂ ಮಧ್ಯದ್ದಕ್ಕೆ ಒಂದೂವರೆ. ಹೆಬ್ಬೆರಳಿಗೆ ಸಿಗೋ ಲಿವರನ್ನ ಒಂದು ಚೂರು ಮುಚ್ಚೋದು, ಒಂದು ಚೂರು ಬಿಡೋದು, ಪೂರ್ತಿ ಬ್ಲೇಡ್ ಇಡದೆ ಬರೀ ಮೂಲೆಯಿಂದ ಮುಟ್ಟೋದು. ನಾನು ಅಲ್ಲೇ ನಿಂತಿದ್ನಲ್ಲ, ಕಣ್ಣೆದುರೇ ಗೆರೆ ಮಸುಕಾಗ್ತಾ ಹೋಯ್ತು, ಯಾವ ಕ್ಷಣದಲ್ಲಿ ಹೋಯ್ತು ಅಂತ ಮಾತ್ರ ಹೇಳೋಕಾಗ್ಲಿಲ್ಲ. ಕಿವಿ ಹಿಂದಿನ ತಗ್ಗಲ್ಲಿ ಒಂದು ಕರಿ ನೆರಳು ಉಳ್ಕೊಂಡಿತ್ತು, ಅಲ್ಲಿ ಬ್ಲೇಡು ಸಮನಾಗಿ ಕೂರಲ್ವಂತೆ, ಕಿವಿ ಮಡಚಿ ಹಿಡಿದು ಹಣಿಗೆ ಇಟ್ಟು ಅದರ ಮೇಲೆ ಮಿಷನ್ ಓಡಿಸಿ ತೆಗೆದ. ಮಧ್ಯೆ ಮಧ್ಯೆ ಎರಡು ಹೆಜ್ಜೆ ಹಿಂದೆ ಹೋಗಿ ಕಣ್ಣು ಅರ್ಧ ಮುಚ್ಚಿ ನೋಡ್ತಿದ್ದ. ಕಣ್ಣು ಪೂರ್ತಿ ಬಿಟ್ರೆ ಕೂದಲು ಕಾಣುತ್ತೆ, ಅರ್ಧ ಮುಚ್ಚಿದ್ರೆ ನೆರಳು ಕಾಣುತ್ತೆ ಅಂತ. ಕೊನೆಗೆ ಮೇಲಿನದ್ದಕ್ಕೆ ಕತ್ತರಿ, ಸುಳಿ ಹತ್ರ ಬಂದಾಗ ಬಾಚಿ ಎಳೀದೆ ಕೂದಲು ತಾನಾಗೇ ಎಲ್ಲಿ ಬೀಳುತ್ತೋ ಅಲ್ಲೇ ಬಿಟ್ಟು ತುದಿ ಮಾತ್ರ ತೆಗೆದ.

ಕುರ್ಚಿ ತಿರುಗಿಸಿದ. ಹಿಂದೆ ಸಣ್ಣ ಕನ್ನಡಿ ಹಿಡಿದ. ಹುಡುಗ ಏನೂ ಮಾತಾಡ್ಲಿಲ್ಲ, ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಮತ್ತೆ ಎಡಕ್ಕೆ. ತುಟಿ ಬಿಗಿ ಹಿಡ್ಕೊಂಡಿದ್ದ, ನಗು ಬಂದ್ಬಿಡುತ್ತೆ ಅಂತ. ಮೊಣಕಾಲು ಯಾವಾಗ ನಿಂತಿತ್ತೋ ನಾನು ಗಮನಿಸಿರ್ಲಿಲ್ಲ.

"ಎಷ್ಟು ದಿನ ಇರುತ್ತೆ ಅಣ್ಣ?" ಅಂದ. ಇದೂ ಒಂದು ಲೆಕ್ಕ. ತಲೆಗೂದಲು ತಿಂಗಳಿಗೆ ಸುಮಾರು ಒಂದರಿಂದ ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತೆ, ಅಂದ್ರೆ ವಾರಕ್ಕೆ ಹತ್ತಿರ ಹತ್ತಿರ 3 ಮಿಲಿಮೀಟರ್, ಹೆಚ್ಚುಕಮ್ಮಿ 1ನೇ ನಂಬರ್ ಗಾರ್ಡಿನಷ್ಟು. ಒಂದು ವಾರಕ್ಕೆ ಕೆಳಗಿನ ನೆರಳು ದಟ್ಟ ಆಗುತ್ತೆ, ಎರಡು ವಾರಕ್ಕೆ ಗೊತ್ತಿದ್ದೋರಿಗೆ ಮಾತ್ರ ಫೇಡ್ ಅಂತ ಕಾಣುತ್ತೆ, ಮೂರು ವಾರಕ್ಕೆ ಮುಗೀತು. ಅಷ್ಟು ನಡುಕ, ಅಷ್ಟು ಸ್ಕ್ರೀನ್‌ಶಾಟು, ಮೂರು ವಾರದ ಮಾಲು! ಹುಡುಗನಿಗೆ ಅದು ಬೇಜಾರಾಗ್ಲಿಲ್ಲ. "ಕಾಲೇಜು ಶುರುವಾಗೋ ಮುಂಚೆ ಇನ್ನೊಂದು ಸಲ ಬರ್ಬೋದು ಹಂಗಾದ್ರೆ" ಅಂದ, ನನ್ನನ್ನಲ್ಲ, ಅವನನ್ನೇ ಕೇಳಿದ.

ಹಿತ್ತಲ ಬಾಗಿಲು

ಸ್ಕೂಟರ್ ಹತ್ರ ಹೆಲ್ಮೆಟ್ ಕೊಟ್ಟೆ. ಐವತ್ತು ನಿಮಿಷದ ಕೆಲಸದ ಮೇಲೆ ಹೆಲ್ಮೆಟ್! ಅವನು ಅದನ್ನ ಕೈಯಲ್ಲಿ ಹಿಡ್ಕೊಂಡು ನಿಂತ ರೀತಿ ನೋಡ್ಬೇಕಿತ್ತು. ಹಾಕ್ಕೊಂಡ, ಬೇರೆ ದಾರಿ ಇಲ್ಲ, ಆದ್ರೆ ಪ್ರತಿ ಸಿಗ್ನಲಲ್ಲೂ ಅವನ ಬೆರಳು ಹೆಲ್ಮೆಟ್ ಅಂಚಿನ ಕೆಳಗೆ ಕುತ್ತಿಗೆ ಹಿಂದೆ ಹೋಗ್ತಿದ್ದಿದ್ದು ಸೈಡ್ ಮಿರರಲ್ಲಿ ಕಾಣ್ತಿತ್ತು.

ಮನೇಲಿ ಕಟಿಂಗ್ ಮಾಡಿಸ್ಕೊಂಡು ಬಂದೋರಿಗೆ ಮುಂಬಾಗಿಲಿಲ್ಲ. ಹಿತ್ತಲಿಂದ ಬರ್ಬೇಕು, ಏನನ್ನೂ ಮುಟ್ಟೋ ಹಂಗಿಲ್ಲ, ಯಾರೂ ಅವರನ್ನ ಮುಟ್ಟೋ ಹಂಗಿಲ್ಲ, ಸೀದಾ ಬಚ್ಚಲು. ಇದು ನಮ್ಮಮ್ಮನ ಕಾನೂನು, ಇದಕ್ಕೆ ಯಾರಿಗೂ ವಿನಾಯ್ತಿ ಇಲ್ಲ. ಅಮ್ಮ ಟವಲ್ ಹಿಡ್ಕೊಂಡು ಹಿತ್ತಲಲ್ಲೇ ಕಾಯ್ತಿದ್ಲು. ಮೊಮ್ಮಗನ್ನ ನೋಡಿ "ಏನೋ ಇದು, ಇಲಿ ಕೆರೆದಂಗಿದೆ! ದುಡ್ಡು ಬೇರೆ ಕೊಟ್ಟು ಬಂದ್ಯಾ?" ಅಂತ ಬೈದ್ಲು, ನನಗೂ ಸೇರಿಸಿ. ಹುಡುಗ ಉತ್ತರ ಕೊಡದೆ ಬಚ್ಚಲ ಕಡೆ ನಡೆದ, ಬಾಗಿಲು ತಗ್ಗು ಅಂತ ತಲೆ ಬಗ್ಗಿಸಿದ. ಹಿಂದಲೆ ಅಜ್ಜಿ ಕಣ್ಣೆದುರಿಗೇ ಬಂತು.

ಅವಳ ಕೈ ಹೋಗೇಬಿಡ್ತು. ಕುತ್ತಿಗೆಯಿಂದ ಮೇಲಕ್ಕೆ, ಕೂದಲಿನ ದಿಕ್ಕಿಗೆ ಎದುರಾಗಿ ಸವರಿದ್ಲು, ಮಖಮಲ್ ಬಟ್ಟೆ ನೋಡೋ ಹಂಗೆ. ಮತ್ತೆ ಕೆಳಗಿಂದ ಮೇಲಕ್ಕೆ. ಅವನು ಹಂಗೇ ಬಗ್ಗಿ ನಿಂತಿದ್ದ. ಬೆರಳು ಮೇಲೆ ಹೋಗಿ ನೆತ್ತಿ ಹಿಂದೆ ನಿಂತ್ವು.

"ಎರಡೂ ಇಲ್ಲೇ ಇದಾವೆ ಕಣೋ" ಅಂದ್ಲು ನನಗೆ.

ಆಮೇಲೆ ಏನೋ ನೆನಪಾದಂಗೆ ಕೈ ಕೊಡವಿ, "ಅಯ್ಯೋ, ಮುಟ್ಟಿಬಿಟ್ನಲ್ಲ, ನಾನೂ ಸ್ನಾನ ಮಾಡ್ಬೇಕೀಗ, ಹೋಗೋ ಬೇಗ" ಅಂತ ಅವನ ಬೆನ್ನಿಗೊಂದು ಗುದ್ದಿದ್ಲು.